ಆಮ್ಲಶಾಮಕ ಮಾತ್ರೆಯ ಬಲ ಅಳೆಯುವುದು ಹೇಗೆ? ಉಳಿದ ಆಮ್ಲದಿಂದ ಹಿಂದಕ್ಕೆ ಲೆಕ್ಕ

ಎದೆಯುರಿಗೆಂದು ಅಗಿದು ನುಂಗುವ ಮಾತ್ರೆಯ ಪಟ್ಟಿಯ ಮೇಲೆ ‘ಕ್ಯಾಲ್ಸಿಯಂ ಕಾರ್ಬೊನೇಟ್ 500 ಮಿ.ಗ್ರಾಂ’ ಎಂದು ಅಚ್ಚಾಗಿದ್ದರೆ, ಆ ಮಾತ್ರೆ ನಿಜಕ್ಕೂ ಎಷ್ಟು ಆಮ್ಲವನ್ನು ತಟಸ್ಥಗೊಳಿಸಬಲ್ಲದು ಎಂಬುದನ್ನು ಪದವಿಪೂರ್ವ ಕಾಲೇಜಿನ ಪ್ರಯೋಗಾಲಯದಲ್ಲಿರುವ ಸಲಕರಣೆಗಳಿಂದಲೇ ಕಂಡುಕೊಳ್ಳಬಹುದು. ಬ್ಯೂರೆಟ್‌ನಿಂದ ನೇರವಾಗಿ ಆಮ್ಲ ಬಿಟ್ಟು ಅನುಮಾಪನ ಮಾಡುವುದು ಮಾತ್ರ ಇಲ್ಲಿ ಸಾಧ್ಯವಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಸೂಚಕದ ಬಣ್ಣ ಬದಲಾಯಿತೆಂದು ಬ್ಯೂರೆಟ್ ನಿಲ್ಲಿಸಿದರೆ, ತಳದಲ್ಲಿ ಉಳಿದ ಪುಡಿ ನಿಧಾನವಾಗಿ ಆಮ್ಲವನ್ನು ನುಂಗಿ ಅರ್ಧ ನಿಮಿಷದಲ್ಲಿ ಹಳೆಯ ಬಣ್ಣವನ್ನೇ ಮರಳಿ ತರುತ್ತದೆ. ಆದ್ದರಿಂದ ಅಗತ್ಯಕ್ಕಿಂತ ಹೆಚ್ಚು ಆಮ್ಲವನ್ನು ಅಳತೆ ಮಾಡಿ ಒಮ್ಮೆಗೇ ಹಾಕಿ, ಪುಡಿ ಪೂರ್ತಿ ಕರಗಿದ ಮೇಲೆ ಉಳಿದ ಆಮ್ಲ ಎಷ್ಟೆಂದು ಪ್ರತ್ಯಾಮ್ಲದಿಂದ ಅಳೆಯುತ್ತಾರೆ. ಇದೇ ಹಿಮ್ಮುಖ ಅನುಮಾಪನ.

ಕೆಲಸಕ್ಕೆ ಮೊದಲು ಪಟ್ಟಿಯನ್ನು ಇನ್ನೊಮ್ಮೆ ಓದಿ. ‘ಕ್ಯಾಲ್ಸಿಯಂ 500 ಮಿ.ಗ್ರಾಂ’ ಎಂದಷ್ಟೇ ಇದ್ದರೆ ಅದು ಧಾತುರೂಪದ ಕ್ಯಾಲ್ಸಿಯಂನ ಲೆಕ್ಕವಾಗಿರಬಹುದು. ಕಾರ್ಬೊನೇಟ್‌ನಲ್ಲಿ ಕ್ಯಾಲ್ಸಿಯಂ ಇರುವುದು ತೂಕದ ನೂರಕ್ಕೆ 40 ಪಾಲು ಮಾತ್ರವಾದ್ದರಿಂದ, ಆಗ ಮಾತ್ರೆಯಲ್ಲಿ 1250 ಮಿ.ಗ್ರಾಂ ಕಾರ್ಬೊನೇಟ್ ಇರುತ್ತದೆ ಮತ್ತು ನೀವು ಹಾಕುವ ಆಮ್ಲ ಸಾಲದೇ ಹೋಗುತ್ತದೆ. ಬಣ್ಣದ ಮಾತ್ರೆಯ ಬದಲು ಬಿಳಿಯದನ್ನೇ ಆರಿಸಿ. ಇಲ್ಲದಿದ್ದರೆ ಅಂತ್ಯಬಿಂದುವಿನ ತೆಳು ಗುಲಾಬಿ ಕಣ್ಣಿಗೆ ಸಿಗುವುದಿಲ್ಲ.

ಐದು ಮಾತ್ರೆಗಳನ್ನು ಒಟ್ಟಿಗೆ ತೂಗಿ ಸರಾಸರಿ ತೆಗೆಯಿರಿ. ನಾನಿಲ್ಲಿ ಲೆಕ್ಕಕ್ಕೆ ಹಿಡಿಯುವ ಉದಾಹರಣೆಯಲ್ಲಿ ಐದರ ತೂಕ 6.50 ಗ್ರಾಂ, ಅಂದರೆ ಒಂದಕ್ಕೆ 1.30 ಗ್ರಾಂ. ಅದರಲ್ಲಿ ಔಷಧ ಅರ್ಧ ಗ್ರಾಂ ಮಾತ್ರ; ಮಿಕ್ಕದ್ದು ಸಕ್ಕರೆ, ಪಿಷ್ಟ, ಪರಿಮಳ ಮತ್ತು ಮಾತ್ರೆಯನ್ನು ಒತ್ತಿ ಹಿಡಿಯುವ ವಸ್ತುಗಳು. ಐದನ್ನೂ ಪಿಂಗಾಣಿ ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು ಚೆನ್ನಾಗಿ ಬೆರೆಸಿ, 0.520 ಗ್ರಾಂ ಪುಡಿಯನ್ನು 250 ಮಿಲಿಲೀಟರಿನ ಶಂಕು ಫ್ಲಾಸ್ಕಿಗೆ ತೂಗಿ ಹಾಕಿ. ಇದು ಮಾತ್ರೆಯ ಐದನೇ ಎರಡು ಭಾಗ. ಇಡೀ ಮಾತ್ರೆ ಹಾಕಿದರೆ 0.1 ಮೋಲಾರ್ ಆಮ್ಲ 100 ಮಿಲಿಲೀಟರಿನಷ್ಟು ಖರ್ಚಾಗುತ್ತದೆ. ಪಾಲು ತೆಗೆದುಕೊಳ್ಳುವುದು ಆ ಕಾರಣಕ್ಕೆ.

ಈಗ 0.100 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲವನ್ನು ಪಿಪೆಟ್‌ನಿಂದ ಸರಿಯಾಗಿ 50.0 ಮಿಲಿಲೀಟರ್ ಹಾಕಿ. ಗುಳ್ಳೆಗಳು ರಭಸವಾಗಿ ಏಳುತ್ತವೆ. ಹನಿ ಚಿಮ್ಮಿ ಹೊರಗೆ ಹೋಗದಂತೆ ಆಮ್ಲವನ್ನು ಫ್ಲಾಸ್ಕಿನ ಗೋಡೆಯ ಮೇಲೆ ನಿಧಾನವಾಗಿ ಇಳಿಸಿ. ಗುಳ್ಳೆ ನಿಂತ ಮೇಲೆ ಫ್ಲಾಸ್ಕನ್ನು ಐದು ನಿಮಿಷ ಮೆಲ್ಲಗೆ ಕುದಿಸಿ. ನಾನು ನೋಡಿದ ಹೆಚ್ಚಿನ ತಪ್ಪು ಫಲಿತಾಂಶಗಳು ಈ ಹಂತವನ್ನು ಬಿಟ್ಟದ್ದರಿಂದಲೇ ಹುಟ್ಟಿದವು. ಕ್ರಿಯೆಯಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ದ್ರಾವಣದಲ್ಲೇ ಕರಗಿ ಉಳಿಯುತ್ತದೆ. ಫಿನಾಲ್ಫ್ತಲೀನ್ ಎಂಬ ಸೂಚಕ ಗುಲಾಬಿಯಾಗುವ ಮೊದಲು ಅದೂ ಸೋಡಿಯಂ ಹೈಡ್ರಾಕ್ಸೈಡನ್ನು ತಿನ್ನುತ್ತದೆ. ಉಳಿದ ಆಮ್ಲ ಇರುವುದಕ್ಕಿಂತ ಹೆಚ್ಚೆಂದು ತೋರಿ, ಮಾತ್ರೆ ಇರುವುದಕ್ಕಿಂತ ದುರ್ಬಲವೆಂದು ಲೆಕ್ಕ ಬರುತ್ತದೆ. ಗುಲಾಬಿ ಬಣ್ಣ ಬಂದು ಅರ್ಧ ನಿಮಿಷದೊಳಗೆ ಮತ್ತೆ ಮತ್ತೆ ಮಾಸುತ್ತಿದ್ದರೆ ಕುದಿಸಿದ್ದು ಸಾಲದೆಂಬ ಗುಮಾನಿ ಇರಲಿ.

ಕುದಿಸಿದ ಮೇಲೂ ದ್ರಾವಣ ಸ್ವಲ್ಪ ಮಬ್ಬಾಗಿಯೇ ಇರುತ್ತದೆ. ಪಿಷ್ಟ ಮತ್ತು ಟಾಲ್ಕ್ ಆಮ್ಲಕ್ಕೆ ಕರಗುವವಲ್ಲ. ಅಲುಗಾಡಿಸಿದಾಗ ಹೊಸ ಗುಳ್ಳೆ ಏಳದಿದ್ದರೆ ಕಾರ್ಬೊನೇಟ್ ಮುಗಿದಿದೆ. ತಣ್ಣಗಾದ ಮೇಲೆ ಎರಡು ಹನಿ ಫಿನಾಲ್ಫ್ತಲೀನ್ ಹಾಕಿ. ಪ್ರತ್ಯಾಮ್ಲ ಬಿಡುವ ಮೊದಲೇ ಗುಲಾಬಿ ಕಂಡರೆ ಆಮ್ಲ ಸಾಲಲಿಲ್ಲವೆಂದರ್ಥ. ಕಡಿಮೆ ಪುಡಿಯೊಂದಿಗೆ ಮೊದಲಿನಿಂದ ಆರಂಭಿಸಬೇಕು. ಬಣ್ಣವಿಲ್ಲದಿದ್ದರೆ ಬ್ಯೂರೆಟ್‌ನಿಂದ ಸುಮಾರು 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತಾ ಹೋಗಿ, ತೆಳು ಗುಲಾಬಿ ಅರ್ಧ ನಿಮಿಷ ನಿಂತಾಗ ಓದು ಬರೆದುಕೊಳ್ಳಿ.

‘ಸುಮಾರು’ ಎಂದದ್ದು ಬೇಕೆಂದೇ. ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುವುದರಿಂದ ಬಾಟಲಿಯ ಮೇಲಿನ ಸಂಖ್ಯೆಯನ್ನು ನಂಬುವಂತಿಲ್ಲ. ಪುಡಿಯಿಲ್ಲದೆ 25.0 ಮಿಲಿಲೀಟರ್ ಆಮ್ಲವನ್ನಷ್ಟೇ ಅದೇ ರೀತಿ ಕುದಿಸಿ, ತಣಿಸಿ, ಅನುಮಾಪನ ಮಾಡಿ. ನಮ್ಮ ಉದಾಹರಣೆಯಲ್ಲಿ ಇದಕ್ಕೆ 25.5 ಮಿಲಿಲೀಟರ್ ಪ್ರತ್ಯಾಮ್ಲ ಬೇಕಾಯಿತು. ಆಮ್ಲ 2.50 ಮಿಲಿಮೋಲ್, ಅದನ್ನು 25.5ರಿಂದ ಭಾಗಿಸಿದರೆ ಪ್ರತ್ಯಾಮ್ಲದ ನಿಜವಾದ ಸಾರತೆ 0.0980 ಮೋಲಾರ್.

ಇನ್ನು ಮುಖ್ಯ ಲೆಕ್ಕ. ಪುಡಿಯಿದ್ದ ಫ್ಲಾಸ್ಕಿಗೆ 10.6 ಮಿಲಿಲೀಟರ್ ಪ್ರತ್ಯಾಮ್ಲ ಹಿಡಿಯಿತು ಎನ್ನೋಣ. ಮಿಲಿಲೀಟರನ್ನು ಮೋಲಾರ್ ಸಾರತೆಯಿಂದ ಗುಣಿಸಿದರೆ ಮಿಲಿಮೋಲ್ ಸಿಗುತ್ತದೆ:

ಹಾಕಿದ ಆಮ್ಲ: 50.0 × 0.100 = 5.00 ಮಿಲಿಮೋಲ್
ಉಳಿದ ಆಮ್ಲ: 10.6 × 0.0980 = 1.04 ಮಿಲಿಮೋಲ್
ಪುಡಿ ನುಂಗಿದ ಆಮ್ಲ: 5.00 − 1.04 = 3.96 ಮಿಲಿಮೋಲ್
ಇಡೀ ಮಾತ್ರೆಗೆ: 3.96 × (1.30 ÷ 0.520) = 9.90 ಮಿಲಿಮೋಲ್

ಮಾತ್ರೆಯ ತಟಸ್ಥೀಕರಣ ಸಾಮರ್ಥ್ಯ ಎನ್ನುವುದು ಈ ಕೊನೆಯ ಸಂಖ್ಯೆ. ಇದನ್ನು ಕಾರ್ಬೊನೇಟ್‌ನ ತೂಕಕ್ಕೆ ತರಬೇಕಾದರೆ ಕ್ರಿಯೆಯ ಸಮೀಕರಣ ನೋಡಬೇಕು:

CaCO3 + 2HCl → CaCl2 + H2O + CO2

ಒಂದು ಕಾರ್ಬೊನೇಟ್‌ಗೆ ಎರಡು ಆಮ್ಲ ಬೇಕಾದ್ದರಿಂದ 9.90ರ ಅರ್ಧ, ಅಂದರೆ 4.95 ಮಿಲಿಮೋಲ್ ಕಾರ್ಬೊನೇಟ್ ಇದೆ. ಒಂದು ಮಿಲಿಮೋಲಿನ ತೂಕ 100.1 ಮಿ.ಗ್ರಾಂ, ಗುಣಿಸಿದರೆ 495 ಮಿ.ಗ್ರಾಂ ಚಿಲ್ಲರೆ. ಪಟ್ಟಿಯ 500ಕ್ಕೆ ಇದು ಸಾಕಷ್ಟು ಹತ್ತಿರ. ಎರಡರಿಂದ ಭಾಗಿಸುವುದನ್ನು ಮರೆತರೆ ಉತ್ತರ ಸಾವಿರದ ಹತ್ತಿರ ಬರುತ್ತದೆ, ತಪ್ಪು ಕೂಡಲೇ ಗೊತ್ತಾಗುತ್ತದೆ. ಗೊತ್ತಾಗದೆ ಒಳನುಸುಳುವುದು ಕುದಿಸದ ತಪ್ಪು. ಕರಗಿ ಉಳಿದ ಅನಿಲಕ್ಕೆ ಬರೀ 2 ಮಿಲಿಲೀಟರ್ ಪ್ರತ್ಯಾಮ್ಲ ಹೆಚ್ಚು ಹೋದರೂ ಮಾತ್ರೆಯ ಲೆಕ್ಕದಲ್ಲಿ 25 ಮಿ.ಗ್ರಾಂನಷ್ಟು ಕಾರ್ಬೊನೇಟ್ ಕಾಣೆಯಾಗುತ್ತದೆ. ಬ್ಯೂರೆಟ್ ಓದಿನಲ್ಲಿ 0.1 ಮಿಲಿಲೀಟರ್ ತಪ್ಪಿದರೆ ಹೋಗುವುದು ಒಂದು ಮಿ.ಗ್ರಾಂ ಚಿಲ್ಲರೆ ಮಾತ್ರ. ಎಚ್ಚರವನ್ನು ಎಲ್ಲಿ ಹೆಚ್ಚು ಖರ್ಚು ಮಾಡಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇರುವ ಮಾತ್ರೆಗೆ ಈ ವಿಧಾನವನ್ನು ಹೀಗೆಯೇ ಬಳಸಬೇಡಿ. ಆಮ್ಲದಲ್ಲಿ ಕರಗಿದ ಅಲ್ಯೂಮಿನಿಯಂ, ಪ್ರತ್ಯಾಮ್ಲ ಬಿಡುತ್ತಾ ಹೋದಂತೆ ಮತ್ತೆ ಹೈಡ್ರಾಕ್ಸೈಡ್ ಆಗಿ ಗರಣೆಗಟ್ಟುತ್ತದೆ. ಫಿನಾಲ್ಫ್ತಲೀನ್ ಗುಲಾಬಿಯಾಗುವಷ್ಟರಲ್ಲಿ ಅದು ಮಾಡಿದ ಕೆಲಸವೆಲ್ಲ ಲೆಕ್ಕದಿಂದ ಅಳಿಸಿಹೋಗಿರುತ್ತದೆ. ಔಷಧಗಳ ಗುಣಮಟ್ಟವನ್ನು ಗೊತ್ತುಪಡಿಸುವ ಗ್ರಂಥವಾದ ಅಮೆರಿಕದ ಫಾರ್ಮಾಕೋಪಿಯಾ ಇದಕ್ಕೆಂದೇ ಬೇರೆ ನಿಲುಗಡೆ ಇಟ್ಟಿದೆ: ಮಾತ್ರೆಯನ್ನು ದೇಹದ ಉಷ್ಣತೆಯ ಆಸುಪಾಸಿನಲ್ಲಿ 15 ನಿಮಿಷ ಆಮ್ಲದೊಂದಿಗೆ ಕಲಕಿ, ಮರು ಅನುಮಾಪನವನ್ನು ಪಿಎಚ್ 3.5ರಲ್ಲೇ ನಿಲ್ಲಿಸಬೇಕು. ಪಿಎಚ್ ಮೀಟರ್ ಇಲ್ಲದವರು 3ರಿಂದ 4.6ರ ನಡುವೆ ಹಳದಿಯಿಂದ ನೀಲಿಗೆ ತಿರುಗುವ ಬ್ರೋಮೋಫಿನಾಲ್ ಬ್ಲೂ ಬಳಸಿ, ನೀಲಿಯ ಮೊದಲ ಛಾಯೆ ಕಂಡಲ್ಲಿ ನಿಂತರೆ ಆ ನಿಲುಗಡೆಯ ಹತ್ತಿರ ಬರುತ್ತಾರೆ. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಗೆ ಎರಡು ಸೂಚಕಗಳ ಉತ್ತರಗಳಲ್ಲಿ ಹೆಚ್ಚೇನೂ ವ್ಯತ್ಯಾಸ ಬರುವುದಿಲ್ಲ. ಅಮೆರಿಕದ ಔಷಧ ನಿಯಮದ ಪ್ರಕಾರ ಆಮ್ಲಶಾಮಕವೆಂದು ಕರೆಸಿಕೊಳ್ಳಲು ಕನಿಷ್ಠ ಪ್ರಮಾಣದ ಒಂದು ಸೇವನೆ 5 ಮಿಲಿಸಮಾನಾಂಕ ಆಮ್ಲವನ್ನಾದರೂ ತಟಸ್ಥಗೊಳಿಸಬೇಕು. ಹೈಡ್ರೊಕ್ಲೋರಿಕ್ ಆಮ್ಲಕ್ಕೆ ಮಿಲಿಸಮಾನಾಂಕವೂ ಮಿಲಿಮೋಲೂ ಒಂದೇ ಆದ್ದರಿಂದ, ನಾವು ಲೆಕ್ಕ ಹಾಕಿದ ಮಾತ್ರೆ ಆ ಮಿತಿಯ ಸರಿಸುಮಾರು ಎರಡರಷ್ಟಿದೆ.