ಹತ್ತು ಕ್ವಿಂಟಾಲಿನ ಮಾತು ಮುರಿದದ್ದು ಹೇಗೆ

ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಕಾರ್ಟೆಲ್, ಅಂದರೆ ದರ ಏರಿಸಲು ಉತ್ಪಾದನೆ ಕಡಿಮೆ ಇಡುವುದಾಗಿ ಒಪ್ಪಂದ ಮಾಡಿಕೊಂಡ ಉತ್ಪಾದಕರ ಕೂಟ, ಎಂಬ ಪಾಠ ಬಂದಾಗಲೆಲ್ಲ ಉತ್ತರಪತ್ರಿಕೆಗಳಲ್ಲಿ ಒಂದೇ ವಾಕ್ಯ ಕಾಣುತ್ತಿತ್ತು: "ಸದಸ್ಯರು ದುರಾಸೆಯಿಂದ ಒಪ್ಪಂದ ಮುರಿಯುತ್ತಾರೆ." ಅದಕ್ಕೆ ಅಂಕ ಕೊಡುವಾಗ ನನಗೆ ಕಸಿವಿಸಿಯಾಗುತ್ತಿತ್ತು. ಆಸೆ ಇದ್ದದ್ದರಿಂದಲೇ ಅಲ್ಲವೇ ಅವರು ಒಪ್ಪಂದ ಮಾಡಿಕೊಂಡದ್ದು? ಕೂಟ ಕಟ್ಟಿಸಿದ ಆಸೆಯೇ ಕೂಟವನ್ನು ಒಡೆಯುವುದು ಹೇಗೆ ಎಂಬುದನ್ನು ನಾನು ಕಲಿಸಿರಲಿಲ್ಲ. ಹೀಗಾಗಿ ಒಂದು ವರ್ಷ ಪುಸ್ತಕ ಮುಚ್ಚಿಟ್ಟು ತರಗತಿಯಲ್ಲಿ ಐದು ಆಲೆಮನೆಗಳನ್ನು ತೆರೆದೆ.

ವಿದ್ಯಾರ್ಥಿಗಳು ಐದು ಗುಂಪಾದರು, ಒಂದು ಗುಂಪಿಗೆ ಒಂದು ಆಲೆಮನೆ. ಒಂದು ಕ್ವಿಂಟಾಲ್ ಬೆಲ್ಲ ಮಾಡಲು ಕಬ್ಬು, ಕೂಲಿ, ಉರುವಲು ಎಲ್ಲ ಸೇರಿ 3,000 ರೂಪಾಯಿ ಖರ್ಚು. ವಾರಕ್ಕೆ ಒಂದು ಆಲೆಮನೆ ಹೆಚ್ಚೆಂದರೆ 20 ಕ್ವಿಂಟಾಲ್ ಇಳಿಸಬಹುದು. ಮಂಡಿಯಲ್ಲಿ ದರ ನಿಲ್ಲುವುದು ಐದೂ ಮನೆಗಳಿಂದ ಬಂದ ಒಟ್ಟು ಬೆಲ್ಲದ ಮೇಲೆ: 5,000 ರೂಪಾಯಿಯಿಂದ ಶುರು, ಬರುವ ಪ್ರತಿ ಕ್ವಿಂಟಾಲಿಗೂ 20 ರೂಪಾಯಿ ಇಳಿಕೆ. ಈ ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನು ಕಟ್ಟಿದವು, ಮಂಡ್ಯ ಮಾರುಕಟ್ಟೆಯ ದರಗಳಲ್ಲ. ಪ್ರತಿ ಗುಂಪೂ ಆ ವಾರ ಎಷ್ಟು ಬೆಲ್ಲ ಮಾಡಿತು ಎಂಬುದನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡಬೇಕು. ನಾನು ಒಟ್ಟು ಮಾಡಿ ದರವನ್ನು ಮಾತ್ರ ಹಲಗೆಯ ಮೇಲೆ ಬರೆಯುತ್ತೇನೆ.

ಮೊದಲು ಅವರಿಗೇ ಮಾತಾಡಿಕೊಳ್ಳಲು ಬಿಟ್ಟೆ. ಎಲ್ಲರೂ ಪೂರ್ತಿ 20 ಮಾಡಿದರೆ ಒಟ್ಟು 100 ಕ್ವಿಂಟಾಲ್, ದರ 3,000, ಒಬ್ಬರಿಗೂ ಒಂದು ಪೈಸೆ ಲಾಭವಿಲ್ಲ. ಇಪ್ಪತ್ತು ನಿಮಿಷ ಕೂಡಿಸಿ ಕಳೆದು ಅವರು ತಾವಾಗಿಯೇ 50ಕ್ಕೆ ಬಂದರು. ಆಗ ದರ 4,000, ಕ್ವಿಂಟಾಲಿಗೆ ಲಾಭ 1,000. ತಲಾ ಹತ್ತು ಕ್ವಿಂಟಾಲ್ ಮಾಡಿದರೆ ತಲಾ 10,000 ರೂಪಾಯಿ. ಐದೂ ಮನೆಗಳು ಒಟ್ಟಾಗಿ ಗಳಿಸಬಹುದಾದ ಗರಿಷ್ಠ ಮೊತ್ತ ಅದೇ. ಕೈ ಎತ್ತಿ ಒಪ್ಪಿಕೊಂಡರು. ಹಿಂದಿನ ಬೆಂಚಿನಿಂದ ಚಪ್ಪಾಳೆಯೂ ಬಂತು.

ಮೊದಲ ವಾರ ಚೀಟಿಗಳನ್ನು ಕೂಡಿಸಿದಾಗ ಬಂದದ್ದು 55. ನಾಲ್ಕು ಮನೆಗಳು ಹತ್ತು ಎಂದು ಬರೆದಿದ್ದವು, ಒಂದು ಮನೆ ಹದಿನೈದು. ನಾನು ಹಲಗೆಯ ಮೇಲೆ 3,900 ಎಂದು ಬರೆದ ಕೂಡಲೇ ತರಗತಿಯಲ್ಲಿ ಗದ್ದಲ. ಐದು ಕ್ವಿಂಟಾಲ್ ಹೆಚ್ಚು ಬಂದಿದೆ ಎಂದು ಎಲ್ಲರಿಗೂ ಗೊತ್ತಾಯಿತು, ತಂದವರು ಯಾರೆಂದು ತಿಳಿಯಲಿಲ್ಲ. ಮಾತು ಉಳಿಸಿಕೊಂಡವರಿಗೆ ತಲಾ 9,000 ಸಿಕ್ಕಿತು, ಮುರಿದವರಿಗೆ 13,500. ಎರಡನೆಯ ವಾರ ಮೂರು ಮನೆಗಳು ಹದಿನೈದು ಬರೆದವು. ನಾಲ್ಕನೆಯ ವಾರದ ಹೊತ್ತಿಗೆ ಒಟ್ಟು 82 ಕ್ವಿಂಟಾಲ್, ದರ 3,360. ಹದಿನಾರು ಕ್ವಿಂಟಾಲ್ ಮಾಡಿದ ಮನೆಗೂ ಸಿಕ್ಕಿದ್ದು 5,760 ಮಾತ್ರ. ಎಲ್ಲರೂ ಹತ್ತು ಮಾಡಿ ಸುಮ್ಮನಿದ್ದಿದ್ದರೆ ಬರುತ್ತಿದ್ದುದಕ್ಕಿಂತ ಕೆಲಸ ಹೆಚ್ಚು, ಹಣ ಕಡಿಮೆ.

ಮೊದಲು ಮಾತು ಮುರಿದದ್ದು ಯಾರ ಗುಂಪು ಎಂದು ನಾನು ಹೇಳಲಿಲ್ಲ. ಆದರೆ ಆ ಗುಂಪಿನ ಹುಡುಗಿಯೇ ಎದ್ದು ನಿಂತಳು. ಅವಳ ತಂದೆ ಪಾಂಡವಪುರದ ಕಡೆ ನಿಜವಾಗಿಯೂ ಆಲೆಮನೆ ನಡೆಸುತ್ತಾರೆ. "ಸರ್, ನಾವು ಮೋಸ ಮಾಡಬೇಕೆಂದು ಮಾಡಲಿಲ್ಲ. ಲೆಕ್ಕ ಹಾಕಿದೆವು, ಅಷ್ಟೇ" ಎಂದಳು. ನನಗೆ ಬೇಕಾಗಿದ್ದ ಮಾತು ಅದೇ. ಅವಳನ್ನೇ ಹಲಗೆಯ ಬಳಿಗೆ ಕರೆದು ಆ ಲೆಕ್ಕ ಬರೆಸಿದೆ.

ಎಲ್ಲರೂ ಹತ್ತರಲ್ಲಿ ನಿಂತಿದ್ದಾರೆ, ನಾನೊಬ್ಬ ಹನ್ನೊಂದನೆಯ ಕ್ವಿಂಟಾಲ್ ಮಾಡುತ್ತೇನೆ ಎಂದುಕೊಳ್ಳಿ. ದರ 20 ರೂಪಾಯಿ ಇಳಿದು 3,980 ಆಗುತ್ತದೆ. ಖರ್ಚು ಕಳೆದರೆ ಹೊಸ ಕ್ವಿಂಟಾಲಿನಿಂದ ನನಗೆ 980 ರೂಪಾಯಿ. ನನ್ನ ಹಳೆಯ ಹತ್ತು ಕ್ವಿಂಟಾಲಿನ ಮೇಲೆ ತಲಾ 20ರಂತೆ 200 ಹೋಯಿತು. ಕೈಗೆ ಉಳಿದದ್ದು 780. ಆದರೆ ಆ 20 ರೂಪಾಯಿ ಇಳಿಕೆ ಉಳಿದ ನಾಲ್ವರ 40 ಕ್ವಿಂಟಾಲಿನ ಮೇಲೂ ಬಿತ್ತಲ್ಲವೇ? ಅವರೆಲ್ಲರಿಗೆ ಸೇರಿ 800 ರೂಪಾಯಿ ನಷ್ಟ. ನನಗೆ 780 ಬಂತು, ಅವರಿಗೆ 800 ಹೋಯಿತು, ಕೂಟಕ್ಕೆ ನಿವ್ವಳ 20 ರೂಪಾಯಿ ಹಾನಿ.

ಈ ನಾಲ್ಕು ಸಾಲು ಹಲಗೆಯ ಮೇಲೆ ಬಂದ ಮೇಲೆ ದುರಾಸೆಯ ವಿವರಣೆ ಯಾರಿಗೂ ಬೇಕಾಗಲಿಲ್ಲ. ಕೂಟದ ಮಿತಿ ನಿಂತಿರುವುದು ಐವತ್ತೂ ಕ್ವಿಂಟಾಲಿನ ನಷ್ಟವನ್ನು ಒಬ್ಬನೇ ಹೊರುವವನ ಲೆಕ್ಕದಲ್ಲಿ. ಸದಸ್ಯ ಹೊರುವುದು ಅದರಲ್ಲಿ ಐದನೆಯ ಒಂದು ಪಾಲು ಮಾತ್ರ. ಹಾಗಾಗಿ ಎಲ್ಲರಿಗೂ ಸೇರಿ ಅತ್ಯುತ್ತಮವಾದ ಹಂತದಲ್ಲೇ ಪ್ರತಿಯೊಬ್ಬನಿಗೂ ಇನ್ನಷ್ಟು ಮಾಡುವ ಸೆಳೆತ ಇರುತ್ತದೆ. ಸದಸ್ಯರು ಹೆಚ್ಚಿದಷ್ಟೂ ಈ ಸೆಳೆತ ಬಲವಾಗುತ್ತದೆ. ಅದೇ 50 ಕ್ವಿಂಟಾಲನ್ನು ಹತ್ತು ಮನೆಗಳು ತಲಾ ಐದರಂತೆ ಹಂಚಿಕೊಂಡರೆ, ಹೆಚ್ಚುವರಿ ಒಂದು ಕ್ವಿಂಟಾಲಿನಿಂದ ಸಿಗುವುದು 780 ಅಲ್ಲ, 880.

ಮಾರನೆಯ ದಿನ ಒಂದು ನಿಯಮ ಬದಲಾಯಿಸಿದೆ. ಪ್ರತಿ ವಾರದ ಕೊನೆಗೆ ಎಲ್ಲ ಚೀಟಿಗಳನ್ನೂ ಗುಂಪಿನ ಹೆಸರಿನೊಂದಿಗೆ ಗಟ್ಟಿಯಾಗಿ ಓದುವುದು. ಇಲ್ಲಿ ನನ್ನಿಂದ ಒಂದು ತಪ್ಪಾಯಿತು: ಆಟ ಆರು ವಾರ ಎಂದು ಮೊದಲೇ ಹೇಳಿಬಿಟ್ಟೆ. ಆರನೆಯ ವಾರ ಮಾತು ಮುರಿದರೆ ಶಿಕ್ಷಿಸಲು ಏಳನೆಯ ವಾರವಿಲ್ಲ. ಆರನೆಯದು ಹೇಗೂ ಮುರಿಯುತ್ತದೆ ಎಂದಾದರೆ ಐದರಲ್ಲಿ ಸುಮ್ಮನಿರುವುದೇಕೆ? ನಾಲ್ಕನೆಯ ವಾರವೇ ಎಲ್ಲ ಕುಸಿಯಿತು. ಆಮೇಲೆ ಪ್ರತಿ ವಾರದ ಕೊನೆಗೆ ದಾಳ ಉರುಳಿಸಿ, ಆರು ಬಿದ್ದರೆ ಮಾತ್ರ ಆಟ ಮುಗಿಸುವುದು ಎಂದು ಮಾಡಿದೆ. ಆಗ ಒಪ್ಪಂದ ನಿಂತಿತು. ಯಾರಾದರೂ ಪೂರ್ತಿ 20 ಮಾಡಿದರೆ ಆ ವಾರ 16,000 ಸಿಗುತ್ತದೆ, ಅಂದರೆ 6,000 ಹೆಚ್ಚು. ಆದರೆ ಮುಂದಿನ ವಾರದಿಂದ ಎಲ್ಲರೂ ಕೈಬಿಟ್ಟರೆ ವಾರಕ್ಕೆ ನಾಲ್ಕು ಸಾವಿರಕ್ಕೂ ಮೀರಿ ಖೋತಾ. ಎರಡೇ ವಾರದಲ್ಲಿ ಕದ್ದದ್ದು ಕರಗುತ್ತದೆ. ಸಿಕ್ಕಿಬೀಳುವುದು ಖಚಿತವಾಗಿ, ನಾಳೆ ಎಂಬುದು ಇದ್ದರೆ, ಅದೇ ಲೆಕ್ಕ ಮಾತು ಉಳಿಸಿಕೊಳ್ಳಲು ಹೇಳುತ್ತದೆ.

ಮೂರನೆಯ ದಿನದ ಆಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಜವಾದ ಮಾರುಕಟ್ಟೆಗೆ ಅದೇ ಹತ್ತಿರ. ಚೀಟಿಗಳು ಮತ್ತೆ ಗುಟ್ಟಾದವು. ಜೊತೆಗೆ ಬೇಡಿಕೆಯ ಏರಿಳಿತ ತಂದೆ. ನಾನು ಬಟ್ಟಲಿನಡಿ ಇನ್ನೊಂದು ದಾಳ ಉರುಳಿಸುತ್ತೇನೆ. ಒಂದು ಅಥವಾ ಎರಡು ಬಿದ್ದರೆ ದರ 200 ರೂಪಾಯಿ ಇಳಿಯುತ್ತದೆ, ಐದು ಅಥವಾ ಆರು ಬಿದ್ದರೆ 200 ಏರುತ್ತದೆ. ದಾಳ ಅವರಿಗೆ ಕಾಣುವುದಿಲ್ಲ, ಕೊನೆಯ ದರ ಮಾತ್ರ ಕಾಣುತ್ತದೆ.

ಎರಡನೆಯ ವಾರ ನಾನು ಬರೆದ ದರ 3,800. ಒಂದು ಮನೆ ಪೂರ್ತಿ 20 ಕ್ವಿಂಟಾಲ್ ಇಳಿಸಿದ್ದರೆ ಬರುತ್ತಿದ್ದುದೂ ಇದೇ 3,800. ತರಗತಿ ಅನುಮಾನದಿಂದ ಕುದಿಯಿತು. ಒಬ್ಬ ಹುಡುಗ ಪಕ್ಕದ ಗುಂಪಿನ ಗೆಳೆಯನ ಮುಖ ನೋಡುವುದನ್ನೇ ಬಿಟ್ಟ. ಮೂರನೆಯ ವಾರ ಎಲ್ಲರೂ ಹದಿನೈದು, ಹದಿನಾರು, ಹದಿನೇಳು ಬರೆದರು. ಆಟ ಮುಗಿದ ಮೇಲೆ ಎರಡನೆಯ ವಾರದ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ಮೇಲಿಟ್ಟೆ. ಹತ್ತು, ಹತ್ತು, ಹತ್ತು, ಹತ್ತು, ಹತ್ತು. ಯಾರೂ ಮಾತು ತಪ್ಪಿರಲಿಲ್ಲ, ದಾಳ ಒಂದು ಬಿದ್ದಿತ್ತು. ತರಗತಿ ಅಷ್ಟು ಮೌನವಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮುಂದಿನ ಸುತ್ತಿನಲ್ಲಿ ಅವರೇ ಒಂದು ಉಪಾಯ ಕಂಡುಕೊಂಡರು. ಒಂದು ವಾರದ ಇಳಿಕೆಗೆ ಬೆದರುವುದು ಬೇಡ. ಸತತ ಎರಡು ವಾರ ದರ 3,800 ಅಥವಾ ಅದಕ್ಕಿಂತ ಕೆಳಗಿದ್ದರೆ ಮಾತ್ರ ಎಲ್ಲರೂ ಎರಡು ವಾರ ಹೆಚ್ಚು ಮಾಡಿ, ಆಮೇಲೆ ಹತ್ತಕ್ಕೆ ಮರಳೋಣ ಎಂದರು. ಇದರಿಂದ ಕೂಟ ಬಾಳಿತು. ಆದರೆ ಆ ಸಡಿಲಿನೊಳಗೆ ಒಂದು ಗುಂಪು ಮೂರು ವಾರ ಹದಿನೈದು ಮಾಡಿ ಅಡಗಿಕೊಂಡಿತು. ಐದು ಕ್ವಿಂಟಾಲ್ ಇಳಿಸುವುದು ನೂರು ರೂಪಾಯಿ, ದಾಳ ಅಲುಗಾಡಿಸುವುದು ಇನ್ನೂರು. ಯಾರಿಗೆ ಗೊತ್ತಾಗುತ್ತದೆ? 1880ರ ದಶಕದಲ್ಲಿ ಷಿಕಾಗೋದಿಂದ ಅಮೆರಿಕದ ಪೂರ್ವ ಕರಾವಳಿಗೆ ಧಾನ್ಯ ಸಾಗಿಸುತ್ತಿದ್ದ ರೈಲ್ವೆ ಕಂಪನಿಗಳ ಕೂಟದಲ್ಲೂ ಹೀಗೆಯೇ ದರಸಮರ ಎದ್ದು, ಅಡಗಿ, ಮತ್ತೆ ಏಳುತ್ತಿತ್ತು.

ಇಷ್ಟಾದ ಮೇಲೆ ತೈಲ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್‌ನ ಕಥೆ ಹೇಳಿದೆ. ಈ ಬಾರಿ ಅದು ಬಾಯಿಪಾಠವಾಗಲಿಲ್ಲ. 1982ರಲ್ಲಿ ಒಪೆಕ್ ಸದಸ್ಯ ದೇಶಗಳಿಗೆ ಉತ್ಪಾದನೆಯ ಮಿತಿ ಹಾಕಿತು. ಹಲವರು ಮಿತಿ ಮೀರಿದರು, ಕೆಲವರು ಗುಟ್ಟಾಗಿ ರಿಯಾಯಿತಿ ಕೊಟ್ಟು ಮಾರಿದರು. ದರ ಉಳಿಸಲು ಸೌದಿ ಅರೇಬಿಯ ತನ್ನ ಉತ್ಪಾದನೆಯನ್ನೇ ಇಳಿಸುತ್ತ ಹೋಯಿತು. 1980ರಲ್ಲಿ ದಿನಕ್ಕೆ ಸುಮಾರು 1 ಕೋಟಿ ಬ್ಯಾರೆಲ್ ತೆಗೆಯುತ್ತಿದ್ದ ದೇಶ 1985ರ ಬೇಸಿಗೆಯಲ್ಲಿ ಸುಮಾರು 25 ಲಕ್ಷಕ್ಕೆ ಬಂದಿತ್ತು. ಆ ವರ್ಷದ ಕೊನೆಗೆ ಅದು ತಾಳ್ಮೆ ಕಳೆದುಕೊಂಡು ಉತ್ಪಾದನೆ ಹೆಚ್ಚಿಸಿತು. 1986ರ ನಡುವಿಗೆ ಕಚ್ಚಾತೈಲದ ದರ ಬ್ಯಾರೆಲಿಗೆ ಸುಮಾರು 10 ಡಾಲರಿಗೆ ಕುಸಿದಿತ್ತು. "ಅದು ಹತ್ತು ಕ್ವಿಂಟಾಲಿನಿಂದ ಎರಡೂವರೆಗೆ ಇಳಿದ ಮನೆ" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ. ಸರಿಯಾದ ಮಾತು. ಉಳಿದವರು ಕದ್ದದ್ದನ್ನೆಲ್ಲ ತನ್ನ ಪಾಲಿನಿಂದ ತುಂಬಿಕೊಡುವ ದೊಡ್ಡ ಮನೆ ಇರುವವರೆಗೆ ಕೂಟ ನಿಲ್ಲುತ್ತದೆ, ಆದರೆ ಹಾಗೆ ನಿಂತಷ್ಟೂ ಆ ಮನೆಗೆ ಉಳಿಯುವುದು ಕಡಿಮೆ.

ಇಂಥ ಒಪ್ಪಂದ ನಮ್ಮ ದೇಶದಲ್ಲಿ ಕಾನೂನುಬಾಹಿರ ಎಂಬುದನ್ನೂ ಹೇಳಿದೆ. 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಂ ಉತ್ಪಾದನೆ ಮಿತಿಗೊಳಿಸುವ ಒಪ್ಪಂದವನ್ನು ನಿಷೇಧಿಸುತ್ತದೆ. ಕೂಟದ ಸದಸ್ಯನೊಬ್ಬ ಮೊದಲು ಬಂದು ಪುರಾವೆ ಕೊಟ್ಟರೆ ಅವನ ದಂಡವನ್ನು ಪೂರ್ತಿ ಮನ್ನಾ ಮಾಡಲೂ ಅದೇ ಕಾಯ್ದೆಯಡಿ ಅವಕಾಶವಿದೆ. ಅಂದರೆ ಒಳಗಿನವರ ಪರಸ್ಪರ ಅನುಮಾನವನ್ನೇ ಕಾನೂನು ಬಳಸಿಕೊಳ್ಳುತ್ತದೆ.

ಆ ಹುಡುಗಿ ಮನೆಗೆ ಹೋಗಿ ತಂದೆಯ ಮುಂದೆ ಐದು ಆಲೆಮನೆಗಳ ಆಟ ವಿವರಿಸಿದಳಂತೆ. ಸೋಮವಾರ ಬಂದು ಅವರ ಮಾತನ್ನು ನನಗೆ ತಲುಪಿಸಿದಳು: "ಗಾಣ ಓಡುತ್ತಿದೆಯೋ ಇಲ್ಲವೋ ಎಂಬುದನ್ನು ಮುಚ್ಚಿಡಲು ಆಗುವುದಿಲ್ಲ ಮಗಳೇ, ಹೊಗೆ ಊರಿಗೆಲ್ಲ ಕಾಣುತ್ತದೆ. ಎಷ್ಟು ಕೊಪ್ಪರಿಗೆ ಇಳಿಯಿತು ಎಂಬುದು ಹೊಗೆಯಿಂದ ತಿಳಿಯುವುದಿಲ್ಲ." ಮುಂದಿನ ವರ್ಷದ ತರಗತಿಗೆ ನಾನು ಅದನ್ನೇ ನಿಯಮ ಮಾಡಿದೆ. ಹಂಚಿಕೆ ಕ್ವಿಂಟಾಲಿನಲ್ಲಿ ಅಲ್ಲ, ದಿನಗಳಲ್ಲಿ: ಯಾವ ಮನೆ ವಾರದಲ್ಲಿ ಎಷ್ಟು ದಿನ ಒಲೆ ಹಚ್ಚಿತು ಎಂದು ಗಟ್ಟಿಯಾಗಿ ಹೇಳುತ್ತೇನೆ, ಎಷ್ಟು ಬೆಲ್ಲ ಇಳಿಯಿತು ಎಂದು ಹೇಳುವುದಿಲ್ಲ. ದಿನಗಳ ವಿಷಯದಲ್ಲಿ ಆ ವರ್ಷ ಒಂದು ಗುಂಪೂ ಮಾತು ತಪ್ಪಲಿಲ್ಲ. ಐದೂ ಗುಂಪುಗಳು ಒಪ್ಪಿದ ದಿನಗಳಲ್ಲೇ ರಾತ್ರಿ ಪಾಳಿ ಶುರು ಮಾಡಿದವು.