ವಧು-ವರರ ಸಮಾವೇಶದ ಹತ್ತು ನಿಮಿಷ: ನಾನು ಮಾತು ಶುರು ಮಾಡುತ್ತಿದ್ದ ಬಗೆ

ನಾನು ಹೋದ ವಧು-ವರರ ಸಮಾವೇಶಗಳೆಲ್ಲ ಹೆಚ್ಚುಕಮ್ಮಿ ಒಂದೇ ತರ ನಡೆದವು. ಭಾನುವಾರ, ಬೆಂಗಳೂರಿನ ಯಾವುದೋ ಕಲ್ಯಾಣ ಮಂಟಪ. ಬಾಗಿಲಲ್ಲಿ ನೋಂದಣಿ, ಎದೆಗೊಂದು ನಂಬರ್ ಬ್ಯಾಡ್ಜ್, ಕೈಗೆ ಎಲ್ಲರ ವಿವರ ಅಚ್ಚಾಗಿರುವ ಪುಸ್ತಿಕೆ. ಬೆಳಗ್ಗೆ ಒಬ್ಬೊಬ್ಬರೇ ವೇದಿಕೆ ಹತ್ತಿ ಒಂದು ನಿಮಿಷ ಪರಿಚಯ ಹೇಳಬೇಕು. ಊಟ ಆದಮೇಲೆ ಇಷ್ಟವಾದ ನಂಬರ್ ಚೀಟಿಯಲ್ಲಿ ಬರೆದು ಕೊಟ್ಟರೆ ಕಾರ್ಯಕರ್ತರು ಮೈಕಿನಲ್ಲಿ ಕರೆದು ಕೂರಿಸುತ್ತಾರೆ. ಎದುರುಬದುರು ಎರಡು ಪ್ಲಾಸ್ಟಿಕ್ ಕುರ್ಚಿ, ಸುಮಾರು ಹತ್ತು ನಿಮಿಷ. ಆಮೇಲೆ ಮುಂದಿನವರು.

ಇದನ್ನು ಕೇಳಿ ಆಫೀಸಿನ ಗೆಳತಿಯರು ನಗುತ್ತಿದ್ದರು, ಅವರು ಹೋಗುತ್ತಿದ್ದದ್ದು ಕೆಫೆಗಳ ಸ್ಪೀಡ್ ಡೇಟಿಂಗಿಗೆ. ಆದರೆ ಸ್ಪೀಡ್ ಡೇಟಿಂಗ್ ಹುಟ್ಟಿದ್ದೇ ಹೀಗೆ. 1998ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅದನ್ನು ಶುರು ಮಾಡಿದವರು ಯಾಕೋವ್ ಡೇಯೊ ಅನ್ನುವ ಯಹೂದಿ ಧರ್ಮಗುರು. ತಮ್ಮ ಸಮುದಾಯದ ಹುಡುಗ ಹುಡುಗಿಯರು ತಮ್ಮೊಳಗೇ ಮದುವೆಯಾಗಲಿ ಅನ್ನುವುದು ಅವರ ಉದ್ದೇಶ. ಅಂದರೆ ಅದೂ ಒಂದು ವಧು-ವರರ ಸಮಾವೇಶವೇ. ಪಕ್ಕದಲ್ಲಿ ಅಪ್ಪ ಅಮ್ಮ ಇರಲಿಲ್ಲ ಅಷ್ಟೇ.

ನಮ್ಮಲ್ಲಿ ಮಾತು ಕೆಡುವುದು ಪುಸ್ತಿಕೆಯಿಂದ. ಹೆಸರು, ವಯಸ್ಸು, ನಕ್ಷತ್ರ, ಗೋತ್ರ, ಓದು, ಕೆಲಸ, ಸಂಬಳ, ಅಣ್ಣ ತಮ್ಮ ಎಷ್ಟು ಜನ, ಎಲ್ಲ ಅದರಲ್ಲೇ ಇರುತ್ತದೆ. ಆದರೂ ಎದುರಿಗೆ ಕೂತ ಕೂಡಲೇ ಅದನ್ನೇ ಮತ್ತೆ ಕೇಳುತ್ತಾರೆ. "ನಿಮ್ದು ಯಾವ ಊರು?" "ಎಲ್ಲಿ ಕೆಲಸ?" "ಎಷ್ಟು ವರ್ಷ ಆಯ್ತು?" ನಾಲ್ಕು ನಿಮಿಷ ಇದರಲ್ಲೇ ಮುಗಿಯುತ್ತದೆ. ಆಮೇಲೆ "ನಿಮ್ಮ ಎಕ್ಸ್‌ಪೆಕ್ಟೇಶನ್ಸ್ ಏನು?" ಬರುತ್ತದೆ. ಅದಕ್ಕೆ ಹುಡುಗರು ಕೊಡುವ ಉತ್ತರ ಒಂದೇ, "ಅಡ್ಜಸ್ಟ್ ಆಗೋ ಹುಡುಗಿ, ಫ್ಯಾಮಿಲಿ ಓರಿಯೆಂಟೆಡ್ ಆಗಿರ್ಬೇಕು." ನಮ್ಮ ಉತ್ತರವೂ ಇದಕ್ಕಿಂತ ಬೇರೆಯಲ್ಲ, "ಅರ್ಥ ಮಾಡ್ಕೊಳ್ಳೋರು ಬೇಕು." ಇಬ್ಬರೂ ತಲೆ ಆಡಿಸುತ್ತೇವೆ. ಏನೂ ತಿಳಿದಿರುವುದಿಲ್ಲ.

ಹಾಗಾಗಿ ನಾನು ಒಂದು ಕಟ್ಟುನಿಟ್ಟು ಇಟ್ಟುಕೊಂಡೆ. ಪುಸ್ತಿಕೆಯಲ್ಲಿ ಇರುವ ಯಾವುದನ್ನೂ ಕೇಳಬಾರದು. ಮೊದಲ ಮಾತು ಆ ಮನುಷ್ಯ ವೇದಿಕೆ ಮೇಲೆ ಹೇಳಿದ ಯಾವುದೋ ಒಂದು ಸಣ್ಣ ವಿಷಯದಿಂದ ಹುಟ್ಟಬೇಕು.

ಅದಕ್ಕೆ ಬೆಳಗಿನ ಪರಿಚಯವನ್ನು ಕಿವಿಗೊಟ್ಟು ಕೇಳಬೇಕು. ಎಲ್ಲರೂ ಆ ಹೊತ್ತಿನಲ್ಲಿ ಸೀರೆ ನೋಡುತ್ತಾ, ಫೋನ್ ನೋಡುತ್ತಾ ಕೂತಿರುತ್ತಾರೆ. ನಾನು ಪೆನ್ನು ಹಿಡಿದು ಕೂರುತ್ತಿದ್ದೆ. ಪುಸ್ತಿಕೆಯಲ್ಲಿ ಅವರ ಹೆಸರಿನ ಪಕ್ಕ ಒಂದೇ ಪದ ಬರೆದುಕೊಳ್ಳುತ್ತಿದ್ದೆ. "ತೋಟ." "ತಬಲಾ." "ರಾತ್ರಿ ಪಾಳಿ." ಹವ್ಯಾಸ ಅಂತ ಅಚ್ಚಾಗಿರುವುದನ್ನು ನಂಬಿಕೊಂಡು ಕೂರಬೇಡಿ, ಅಲ್ಲಿ ಅರ್ಧಕ್ಕರ್ಧ ಜನ "ಪ್ರವಾಸ, ಸಂಗೀತ ಕೇಳುವುದು" ಅಂತಲೇ ಬರೆದಿರುತ್ತಾರೆ. ಗಮನಿಸಬೇಕಾದ್ದು ಬಾಯಿ ತಪ್ಪಿ ಬಂದಂತೆ ಬರುವ ಮಾತುಗಳನ್ನು. ಮೈಕು ಕಂಡು ಬೆವರುವ ಹುಡುಗ ಬಾಯಿಪಾಠದ ನಡುವೆ ತನ್ನದೇ ಒಂದು ವಾಕ್ಯ ಹೇಳಿಬಿಡುತ್ತಾನೆ, ಅದು.

ನಾನು ವೇದಿಕೆ ಹತ್ತಿದಾಗಲೂ ಅಷ್ಟೇ. "ನಾನು ಬ್ಯಾಂಕ್ ಉದ್ಯೋಗಿ" ಅಂದರೆ ಯಾರೂ ಅದನ್ನು ಹಿಡಿದು ಮಾತು ಶುರು ಮಾಡಲಾರರು. "ಭಾನುವಾರ ಬೆಳಗ್ಗೆ ಮಡಿವಾಳ ಕೆರೆಗೆ ಹಕ್ಕಿ ನೋಡೋಕೆ ಹೋಗ್ತೀನಿ, ಇವತ್ತು ಇಲ್ಲಿಗೆ ಬಂದಿದ್ರಿಂದ ತಪ್ಪಿತು" ಅಂದೆ. ಸಭೆ ನಕ್ಕಿತು. ಮಧ್ಯಾಹ್ನ ಊಟದ ಸಾಲಿನಲ್ಲೇ ಒಬ್ಬ ಹುಡುಗ ಬಂದು "ಅಲ್ಲಿ ಹೆಜ್ಜಾರ್ಲೆ ಇನ್ನೂ ಬರ್ತಾವಾ?" ಅಂತ ಕೇಳಿದ. ಅವನ ಅಮ್ಮ ಮಾತ್ರ, "ಭಾನುವಾರ ಬೆಳಗ್ಗೆ ತಿಂಡಿ ಯಾರು ಮಾಡ್ತಾರೆ ಹಂಗಾದ್ರೆ?" ಅಂದರು. ಅದೂ ಒಳ್ಳೆಯದೇ. ತಿಳಿಯಬೇಕಾದ್ದು ಬೇಗ ತಿಳಿಯಿತು.

ಈಗ ಆ "ತೋಟ" ಅಂತ ಬರೆದುಕೊಂಡವರ ಕಥೆ ಹೇಳುತ್ತೇನೆ, ನನ್ನ ಕ್ರಮ ಅದರಲ್ಲಿ ಪೂರ್ತಿ ಕಾಣುತ್ತದೆ.

ಆಗಸ್ಟ್ ತಿಂಗಳು. ಹುಡುಗ ಸಾಫ್ಟ್‌ವೇರ್, ಮನೆ ಬೆಂಗಳೂರಲ್ಲೇ. ವೇದಿಕೆ ಮೇಲೆ ಎಲ್ಲ ಹೇಳಿ ಇಳಿಯುವ ಮುಂಚೆ "ತೀರ್ಥಹಳ್ಳಿ ಹತ್ರ ಸ್ವಲ್ಪ ಅಡಿಕೆ ತೋಟ ಇದೆ, ಆಗಾಗ ಹೋಗ್ತಿರ್ತೀನಿ" ಅಂದಿದ್ದರು. ನನಗೆ ಅಡಿಕೆ ಸ್ವಲ್ಪ ಗೊತ್ತು, ನಮ್ಮ ಸೋದರಮಾವನ ಮನೆ ಸಾಗರದ ಕಡೆ. ಕುರ್ಚಿಯಲ್ಲಿ ಕೂತು ನಮಸ್ಕಾರ ಹೇಳಿ, ನೇರವಾಗಿ ಕೇಳಿದೆ:

"ಈ ಸಲ ಎರಡನೇ ಔಷಧಿ ಹೊಡ್ದಾಯ್ತಾ? ಮಳೆ ಬಿಡ್ತಾನೇ ಇಲ್ವಲ್ಲ."

ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ಅನ್ನುವ ಮೈಲುತುತ್ತು, ಸುಣ್ಣದ ದ್ರಾವಣ ಸಿಂಪಡಿಸುತ್ತಾರೆ, ಮಳೆಗಾಲ ಹಿಡಿಯುವ ಹೊತ್ತಿಗೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಅವರ ಮುಖವೇ ಬದಲಾಯಿತು. ಬೆನ್ನು ಕುರ್ಚಿಗೆ ಆನಿಸಿದರು.

"ಹೋದ ವಾರ ಹೊಡ್ದೆ. ಎರಡು ದಿನ ಬಿಸಿಲು ಬಿತ್ತಲ್ಲ, ಆಗ."

"ಹೊಡ್ದೆ ಅಂದ್ರೆ ನೀವೇನಾ? ಮರ ಹತ್ತೋರು ಸಿಗಲ್ಲ ಅಂತ ನಮ್ಮ ಮಾವ ಗೋಳಾಡ್ತಾರೆ."

"ಹತ್ತೋರು ಎಲ್ಲಿ ಸಿಗ್ತಾರೆ? ಫೈಬರ್ ದೋಟಿ ತಂದಿದೀವಿ, ಕೆಳಗೆ ನಿಂತೇ ಹೊಡೀಬಹುದು. ಕತ್ತು ಮಾತ್ರ ಹೋಗುತ್ತೆ."

"ಅಪ್ಪಂಗೆ ಆಗಲ್ವಾ ಈಗ?"

ಇಲ್ಲಿ ಅವರು ಒಂದು ಕ್ಷಣ ಸುಮ್ಮನಾದರು. ಅಪ್ಪನಿಗೆ ಮಂಡಿ ನೋವು, ಹೋದ ವರ್ಷದಿಂದ ತೋಟಕ್ಕೆ ಇಳಿಯುತ್ತಿಲ್ಲ ಅಂದರು. ನಾನು ಆತುರ ಮಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಹಾಗಾದ್ರೆ ಮುಂದೆ ತೋಟ?" ಅಂದೆ ಅಷ್ಟೇ.

"ನಾನೇ ಹೋಗ್ಬೇಕು ಅಂತಿದೀನಿ. ಇನ್ನೊಂದು ನಾಲ್ಕೈದು ವರ್ಷ ಇಲ್ಲಿ ದುಡಿದು, ಆಮೇಲೆ ಊರು. ಇದನ್ನ ಇನ್ನೂ ಮನೇಲಿ ಹೇಳಿಲ್ಲ."

ನೋಡಿ, "ಮದುವೆ ಆದ್ಮೇಲೆ ಎಲ್ಲಿ ಸೆಟಲ್ ಆಗ್ತೀರಿ?" ಅಂತ ನೇರವಾಗಿ ಕೇಳಿದ್ದರೆ "ಬೆಂಗಳೂರೇ" ಅನ್ನುತ್ತಿದ್ದರು. ಅಮ್ಮನ ಎದುರು ಹೇಳಲು ಕಲಿತ ಉತ್ತರ ಅದು. ನಾನು ಔಷಧಿಯಿಂದ ಶುರು ಮಾಡಿದ್ದಕ್ಕೆ ನಿಜ ಹೊರಬಂತು. ನನ್ನದು ವರ್ಗಾವಣೆ ಆಗುವ ಬ್ಯಾಂಕ್ ಕೆಲಸ, ಬಿಡುವ ಮನಸ್ಸಿಲ್ಲ ಅಂತ ನಾನೂ ಹೇಳಿದೆ. ಇಬ್ಬರಿಗೂ ಇದು ಕೂಡಿ ಬರಲ್ಲ ಅಂತ ಅಲ್ಲೇ ಗೊತ್ತಾಯಿತು. ಉಳಿದ ಎರಡು ನಿಮಿಷ ಅಡಿಕೆ ರೇಟಿನ ಬಗ್ಗೆ ಮಾತಾಡಿದೆವು.

ಈ ಸಂಭಾಷಣೆಯಲ್ಲಿ ಕೆಲಸ ಮಾಡಿದ್ದು ಮೊದಲ ಪ್ರಶ್ನೆಗಿಂತ ಅದರ ಹಿಂದೆ ಬಂದ ಪ್ರಶ್ನೆಗಳು. ಪ್ರತಿಯೊಂದೂ ಅವರ ಹಿಂದಿನ ಉತ್ತರದಲ್ಲಿದ್ದ ಒಂದು ಪದ ಹಿಡಿದುಕೊಂಡು ಬಂದಿತ್ತು. "ಹೊಡ್ದೆ" ಅಂದರು, "ನೀವೇನಾ" ಅಂದೆ. ಇದಕ್ಕೆ ಆಧಾರವೂ ಇದೆ. ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಪೀಡ್ ಡೇಟಿಂಗ್ ಮಾತುಕತೆಗಳನ್ನೂ ನೋಡಿದ್ದರು. ಎದುರಿನವರ ಉತ್ತರಕ್ಕೇ ಅಂಟಿಕೊಂಡ ಮುಂದಿನ ಪ್ರಶ್ನೆ ಜಾಸ್ತಿ ಕೇಳಿದವರಿಗೆ ಎರಡನೇ ಭೇಟಿಗೆ ಒಪ್ಪಿಗೆ ಜಾಸ್ತಿ ಸಿಕ್ಕಿತ್ತು. ಒಂದಾದ ಮೇಲೆ ಒಂದು ಹೊಸ ವಿಷಯ ಎತ್ತಿದರೆ ಅದು ಇಂಟರ್ವ್ಯೂ ಆಗುತ್ತದೆ. ಹಾಗಾಗುತ್ತಿದೆ ಅಂತ ತಿಳಿಯುವುದು ಸುಲಭ. ಎದುರಿನವರು ಒಂದೇ ಪದದಲ್ಲಿ ಉತ್ತರ ಕೊಟ್ಟು ಪುಸ್ತಿಕೆ ತಿರುವಲು ಶುರು ಮಾಡುತ್ತಾರೆ. ಆಗ ನಾನು ಪ್ರಶ್ನೆ ನಿಲ್ಲಿಸಿ ನನ್ನ ಬಗ್ಗೆ ಒಂದು ವಾಕ್ಯ ಹೇಳುತ್ತಿದ್ದೆ. "ನಮ್ಮ ಬ್ರಾಂಚಲ್ಲಿ ಸೋಮವಾರ ಅಂದ್ರೆ ಉಸಿರಾಡಕ್ಕೂ ಆಗಲ್ಲ" ಅಂತಲೋ ಏನೋ. ಅವರು ಅದನ್ನು ಹಿಡಿದುಕೊಂಡರೆ ಸರಿ. ಹಿಡಿಯದಿದ್ದರೆ ಅವರಿಗೆ ಆಸಕ್ತಿ ಇಲ್ಲ, ಅಮ್ಮನ ಬಲವಂತಕ್ಕೆ ಕೂತಿದ್ದಾರೆ ಅಂತ ಅರ್ಥ.

ಈ ಕ್ರಮಕ್ಕೆ ಒಂದು ಮಿತಿ ಇದೆ. ವೇದಿಕೆ ಮೇಲೆ ಹೆಸರು, ನಕ್ಷತ್ರ ಹೇಳಿ ಇಳಿದುಬಿಟ್ಟವರ ಹತ್ತಿರ ಹಿಡಿಯಲು ಏನೂ ಇರುವುದಿಲ್ಲ. ಅಂಥವರಿಗೆ ನಾನು ಅವತ್ತಿನದೇ ಏನಾದರೂ ಕೇಳುತ್ತಿದ್ದೆ. "ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಟ್ರಿ?" ಅನ್ನುವುದು ಚೆನ್ನಾಗಿ ನಡೆಯುತ್ತದೆ. ಹಾಸನದಿಂದ ರಾತ್ರಿ ಬಸ್ಸಿಗೆ ಬಂದವರು, ಚಿಕ್ಕಪ್ಪನ ಮನೆಯಲ್ಲಿ ಸ್ನಾನ ಮಾಡಿ ಬಂದವರು, ಎಲ್ಲರಿಗೂ ಒಂದು ಪುಟ್ಟ ಕಥೆ ಇರುತ್ತದೆ. ಆ ಕಥೆಯಲ್ಲಿ ಮನೆಯವರು ತಾವಾಗಿಯೇ ಬರುತ್ತಾರೆ.

ಅಪ್ಪ ಅಮ್ಮನ ವಿಷಯ. ಎಷ್ಟೋ ಸಲ ಹುಡುಗನ ಅಮ್ಮನೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಾರೆ. ನನಗೆ ಬರುವ ಪ್ರಶ್ನೆಗೆ ಅವರು ಉತ್ತರ ಕಾಯುತ್ತಾರೆ, ಅವನಿಗೆ ಹೋಗುವ ಪ್ರಶ್ನೆಗೆ ಅವರೇ ಉತ್ತರ ಕೊಡುತ್ತಾರೆ. "ನಾವಿಬ್ಬರೇ ಮಾತಾಡಬಹುದಾ?" ಅಂದರೆ ಸೊಕ್ಕಿನ ಹುಡುಗಿ ಅಂತ ಆಗುತ್ತದೆ. ನಾನು ಮೊದಲೇ ನಮ್ಮಮ್ಮನಿಗೆ ಹೇಳಿಟ್ಟಿರುತ್ತಿದ್ದೆ. ಕೂತು ಒಂದು ನಿಮಿಷ ಹುಡುಗನ ಅಮ್ಮನ ಜೊತೆಯೇ ಮಾತಾಡಿ, "ಆಂಟಿ, ನಮ್ಮಮ್ಮ ಅಲ್ಲಿ ಕೂತಿದ್ದಾರೆ, ನಿಮ್ಮನ್ನ ಮಾತಾಡಿಸ್ಬೇಕು ಅಂತಿದ್ರು" ಅನ್ನುತ್ತಿದ್ದೆ. ನಮ್ಮಮ್ಮ ಅಲ್ಲಿಂದಲೇ ಕೈ ಎತ್ತುತ್ತಿದ್ದರು. ಆಂಟಿ ಎದ್ದು ಹೋಗುತ್ತಿದ್ದರು, ಯಾರಿಗೂ ಬೇಜಾರಿಲ್ಲ. ಆ ಒಂದು ನಿಮಿಷವೂ ದಂಡವಲ್ಲ. ಅಮ್ಮ ಮಾತಾಡುವಾಗ ಮಗ ಏನು ಮಾಡುತ್ತಾನೆ ಅನ್ನುವುದನ್ನು ನೋಡಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಇನ್ನೊಂದು ವಿಷಯ ಫಿಂಕೆಲ್ ಮತ್ತು ಈಸ್ಟ್‌ವಿಕ್ ಅನ್ನುವ ಅಮೆರಿಕದ ಸಂಶೋಧಕರ 2009ರ ಅಧ್ಯಯನದಿಂದ ತಿಳಿದದ್ದು. ಸ್ಪೀಡ್ ಡೇಟಿಂಗಿನಲ್ಲಿ ಎದ್ದು ಬೇರೆಯವರ ಹತ್ತಿರ ಹೋಗುವವರಿಗೆ ಎದುರಿನವರು ಹೆಚ್ಚು ಇಷ್ಟವಾಗುತ್ತಾರಂತೆ. ಕೂತಲ್ಲೇ ಕೂತವರು ಜಾಸ್ತಿ ಅಳೆದು ತೂಗುತ್ತಾರೆ. ನಮ್ಮಲ್ಲಿ ಹುಡುಗಿಯರು ಕೂತೇ ಇರುವುದು ರೂಢಿ. ನಾನು ಎದ್ದು ಹೋಗುವ ಕಡೆಯವಳು. ಹಾಗಾಗಿ ಅವತ್ತೇ ಯಾರ ಹೆಸರಿಗೂ ಟಿಕ್ ಹಾಕುತ್ತಿರಲಿಲ್ಲ. ಪ್ರತಿ ಮಾತುಕತೆ ಮುಗಿದ ಮೇಲೆ ಅವರು ಹೇಳಿದ ಒಂದು ವಾಕ್ಯವನ್ನು ಹಾಗೇ ಬರೆದು ಮುಂದೆ ಹೋಗುತ್ತಿದ್ದೆ. ಮಾರನೇ ದಿನ ಓದಿದರೆ ಯಾವುದು ಬರೀ ಉತ್ಸಾಹ, ಯಾವುದು ನಿಜಕ್ಕೂ ಇಷ್ಟ ಅಂತ ಗೊತ್ತಾಗುತ್ತಿತ್ತು.

ಕೊನೆಗೆ ಎದ್ದೇಳುವ ಕ್ಷಣ. "ಮನೇಲಿ ಮಾತಾಡಿ ಹೇಳ್ತೀವಿ" ಅಂದರೆ ಬೇಡ ಅಂತಲೇ ಎಲ್ಲರೂ ತಿಳಿಯುತ್ತಾರೆ, ನಿಜವಾಗಿ ಮನೆಯಲ್ಲಿ ಮಾತಾಡುವವರು ಕೂಡ ಅದನ್ನೇ ಹೇಳುತ್ತಾರೆ, ಅಲ್ಲೇ ಗೊಂದಲ. ಪುಸ್ತಿಕೆಯಲ್ಲಿ ಇರುವುದು ಅಪ್ಪನ ಫೋನ್ ನಂಬರ್. ಮುಂದೆ ಮಾತಾಡಬೇಕು ಅನಿಸಿದರೆ ನಾನು ಬಾಯಿಬಿಟ್ಟು ಹೇಳುತ್ತಿದ್ದೆ, "ನಂಗೆ ಇನ್ನೊಂದ್ಸಲ ಮಾತಾಡ್ಬೇಕು ಅನ್ಸುತ್ತೆ. ಬುಧವಾರದೊಳಗೆ ನಮ್ಮಪ್ಪ ಫೋನ್ ಮಾಡ್ತಾರೆ, ಪರವಾಗಿಲ್ವಾ?" ಅಂತ. ದಿನ ಹೇಳಿದರೆ ಅವರೂ ಕಾಯುವುದಿಲ್ಲ, ನಾವೂ ಕಾಯಿಸುವುದಿಲ್ಲ. ಬೇಡ ಅನಿಸಿದರೆ "ಮಾತಾಡಿ ಖುಷಿ ಆಯ್ತು, ಒಳ್ಳೇದಾಗ್ಲಿ" ಅಂದರೆ ಸಾಕು, ಯಾರಿಗೂ ಅನುಮಾನ ಉಳಿಯುವುದಿಲ್ಲ. ತೋಟದವರಿಗೆ ಹೇಳಿದ್ದೂ ಅದೇ. ಸಾಗರದ ಮಾವನಿಗೆ ದೋಟಿ ಎಲ್ಲಿ ಸಿಗುತ್ತದೆ ಅನ್ನುವುದನ್ನು ಮಾತ್ರ ಕೇಳಿ ಬರೆದುಕೊಂಡು ಎದ್ದೆ.