ಅಣ್ಣ ಇರಲಿ, ಆಸ್ಪತ್ರೆ ಬೇಡ: ಅಮ್ಮನ ಫೋನಿನ ನೆನಪುಗಳನ್ನು ಸರಿ ಮಾಡಿದ ಕಥೆ

ಈ ಸಲ ಅಮ್ಮನ ಫೋನಿನ ನೆನಪುಗಳಲ್ಲಿ ಆಯುಧ ಪೂಜೆ ಫೋಟೋ ಬಂತು, ಐಸಿಯು ಫೋಟೋ ಬರಲಿಲ್ಲ. ಜೂನ್ ತಿಂಗಳೂ ಸುಮ್ನೆ ಕಳೆಯಿತು. ‘ಇದೆಲ್ಲ ಆಗದ ಕೆಲಸ, ಫೋಟೋ ಎಲ್ಲಾ ಡಿಲೀಟ್ ಮಾಡಿ ಬಿಸಾಕು’ ಅಂತಿದ್ದ ಭಾವ ಈಗ ತಮ್ಮ ಫೋನನ್ನೂ ನನ್ನ ಕೈಗೆ ಕೊಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣ 2018ರ ಜೂನ್ 6ರಂದು ಆಸ್ಪತ್ರೆ ಸೇರಿದ. 28ಕ್ಕೆ ಹೋದ. ಆ ದಿನಗಳಲ್ಲಿ ಯಾರು ಯಾಕೆ ಅಷ್ಟು ಫೋಟೋ ತೆಗೆದರೋ ಗೊತ್ತಿಲ್ಲ. ಹಾಸಿಗೆ, ಮಾಸ್ಕ್, ಟ್ಯೂಬು, ಆಮೇಲೆ ಮನೆ ಮುಂದಿನ ಜನ. ಎಲ್ಲವೂ ವಾಟ್ಸಾಪ್‌ನಲ್ಲಿ ಅಮ್ಮನ ಫೋನಿಗೆ ಬಂದು ಕೂತವು. ಮರುವರ್ಷದಿಂದ ಬೆಳಿಗ್ಗೆ ಕಾಫಿ ಹೊತ್ತಿಗೆ ಗೂಗಲ್ ಫೋಟೋಸ್‌ನಲ್ಲಿ ‘ಇಷ್ಟು ವರ್ಷದ ಹಿಂದೆ ಇದೇ ದಿನ’ ಅಂತ ಅವೇ ಎದುರಿಗೆ.

ಮೊದಲು ಅಮ್ಮ ತಾನೇ ಒಂದು ಮೊಬೈಲ್ ಅಂಗಡಿಗೆ ಹೋದಳು. ಎಂಟುನೂರು ರೂಪಾಯಿ ತಗೊಂಡರು. ಮಾಡಿದ್ದು ನೋಟಿಫಿಕೇಶನ್ ಆಫ್, ಅಷ್ಟೇ. ನೋಟಿಫಿಕೇಶನ್ ನಿಂತರೆ ಬಾಗಿಲು ತಟ್ಟೋದು ನಿಲ್ಲುತ್ತೆ, ನೆಂಟರು ಒಳಗೇ ಇರ್ತಾರೆ. ಗೂಗಲ್ ಫೋಟೋಸ್ ತೆರೆದರೆ ಮೇಲ್ಗಡೆ ಆ ಸಾಲು ಹಾಗೇ ಇತ್ತು. ಹೋಮ್ ಸ್ಕ್ರೀನಿನಲ್ಲಿ ಹಳೆಯ ಫೋಟೋ ತೋರಿಸುವ ವಿಜೆಟ್ ಕೂಡ ಹಾಗೇ ಇತ್ತು. ಫೋನ್ ಅನ್‌ಲಾಕ್ ಮಾಡಿದರೆ ಸಾಕು, ಕಾಣಿಸುತ್ತಿತ್ತು.

ಆಮೇಲೆ ನಾನು ಕೈ ಹಾಕಿದೆ. ಮದುವೆ ಫೋಟೋ ತೆಗೆಯೋನು ನಾನು, ಇದೇನು ಮಹಾ ಅಂದುಕೊಂಡೆ. ಸೆಟ್ಟಿಂಗ್ಸ್‌ನಲ್ಲಿ Memories ಒಳಗೆ Hide people & pets ಇದೆ. ಅಣ್ಣನ ಮುಖ ಒತ್ತಿದೆ. ಎರಡು ನಿಮಿಷದ ಕೆಲಸ. ಕಾಲರ್ ಮೇಲೆ ಮಾಡಿಕೊಂಡು ಓಡಾಡಿದೆ.

ಒಂದೆರಡು ತಿಂಗಳಾದ ಮೇಲೆ ಅಮ್ಮ ಕೇಳಿದಳು: “ಅವನನ್ನೇ ತೆಗೆದುಬಿಟ್ಯೇನೋ?”

ಶೃಂಗೇರಿಗೆ ಹೋಗಿದ್ದು, ಅವನ ಮದುವೆ, ಮಗುವಿನ ನಾಮಕರಣ, ಯಾವುದೂ ನೆನಪಾಗಿ ಬರ್ತಾ ಇರಲಿಲ್ಲ. ಅಮ್ಮನಿಗೆ ಅವೆಲ್ಲ ಬೇಕಿತ್ತು. ಬೇಡದ್ದು ಆ ತಿಂಗಳು ಮಾತ್ರ. ಇನ್ನೂ ಮಜಾ ಅಂದರೆ ಆ ಜೂನ್‌ನಲ್ಲಿ ಮಾಸ್ಕ್ ಹಾಕಿದ ಫೋಟೋಗಳು ತಪ್ಪದೆ ಬಂದವು. ಅರ್ಧ ಮುಖ ಮುಚ್ಚಿದ್ದರಿಂದ ಅವು ಅಣ್ಣನ ಮುಖದ ಗುಂಪಿಗೆ ಸೇರಿಯೇ ಇರಲಿಲ್ಲ. ಬೇಕಾದ್ದು ಹೋಯ್ತು, ಬೇಡದ್ದು ಉಳೀತು.

ನಡುವೆ, ಫೋಟೋಗಳನ್ನು ಬೀಗ ಹಾಕಿ ಬೇರೆ ಇಡುವ Locked Folder ಕೂಡ ನೋಡಿದೆ. ಅಲ್ಲಿ ಹಾಕಿದ್ದು ನೆನಪಿನಲ್ಲಿ ಬರೋದಿಲ್ಲ, ನಿಜ. ಆದರೆ ಬ್ಯಾಕಪ್ ಆನ್ ಮಾಡದೆ ನನ್ನ ಹಳೆ ಫೋನಿನಲ್ಲಿ ಪ್ರಯೋಗಕ್ಕೆ ಅಂತ ಹದಿನೈದೋ ಹದಿನಾರೋ ಫೋಟೋ ಹಾಕಿ, ಆಮೇಲೆ ಆ್ಯಪ್ ತೆಗೆದು ಮತ್ತೆ ಹಾಕಿದೆ. ಎಲ್ಲವೂ ಮಾಯ. ತಪ್ಪು ನನ್ನದೇ. ಪುಣ್ಯಕ್ಕೆ ಅವು ನನ್ನ ಹಲಸಿನಕಾಯಿ ಫೋಟೋಗಳು. ಅಮ್ಮನ ಫೋನಿನಲ್ಲಿ ಅದನ್ನು ಮುಟ್ಟಲೇ ಇಲ್ಲ.

ಮುಖ ಬಿಟ್ಟು ದಿನಾಂಕ ಹಿಡಿದೆ. ಅದೇ ಜಾಗದಲ್ಲಿ Hide dates ಇದೆ. ಶುರುವಿನ ದಿನ 2018 ಜೂನ್ 6, ಕೊನೆಯ ದಿನ ಜುಲೈ 10. ವೈಕುಂಠ ಸಮಾರಾಧನೆವರೆಗೂ ಲೆಕ್ಕ ಹಾಕಿದ್ದೆ. ಅಣ್ಣನ ಮುಖ ಮುಚ್ಚಿದ್ದನ್ನು ತೆಗೆದೆ. ಹೀಗೆ ಮುಚ್ಚಿದರೆ ಫೋಟೋ ಅಳಿಯೋದಿಲ್ಲ. ಹುಡುಕಿದರೆ ಸಿಗುತ್ತೆ, ಆಲ್ಬಮ್‌ನಲ್ಲಿ ಇರುತ್ತೆ, ತಾನಾಗಿ ಎದ್ದು ಬರೋದಿಲ್ಲ ಅಷ್ಟೇ. ಜೂನ್ ಶಾಂತವಾಗಿ ಕಳೆಯಿತು.

ಅಕ್ಟೋಬರ್ 14ಕ್ಕೆ ಮತ್ತೆ ಐಸಿಯು! ಅದೂ ಸ್ಕೂಟರಿಗೆ ಹೂ ಮುಡಿಸಿದ ಫೋಟೋಗಳ ನಡುವೆ. ಭಾವ ಮೀಸೆಯಲ್ಲೇ ನಕ್ಕರು.

ತಲೆ ಕೆರೆದುಕೊಂಡಾಗ ಹೊಳೆಯಿತು. ಕ್ಯಾಮೆರಾದ ಫೋಟೋ ತನ್ನೊಳಗೇ ತೆಗೆದ ದಿನಾಂಕ ಇಟ್ಟುಕೊಂಡಿರುತ್ತೆ. ವಾಟ್ಸಾಪ್‌ನಲ್ಲಿ ಬಂದಿದ್ದರಲ್ಲಿ ಅದು ಇರೋದಿಲ್ಲ. ಆಗ ಫೈಲಿನ ದಿನಾಂಕವೇ ಗತಿ. 2021ರಲ್ಲಿ ಹನ್ನೆರಡೋ ಹದಿಮೂರೋ ಸಾವಿರ ಕೊಟ್ಟು ಅಮ್ಮನಿಗೆ ಹೊಸ ಫೋನು ತಂದಿದ್ದೆ. ಆಯುಧ ಪೂಜೆ ದಿನ, ಅಕ್ಟೋಬರ್ 14ಕ್ಕೆ, ಕೇಬಲ್ ಹಾಕಿ ವಾಟ್ಸಾಪ್ ಫೋಲ್ಡರನ್ನು ಸುರಿದಿದ್ದೆ. 2018ರ ಫೋಟೋಗಳೆಲ್ಲ ಅವತ್ತೇ ಹುಟ್ಟಿದ ಹಾಗಾಗಿದ್ದವು. ಮೊದಲೇ ಬ್ಯಾಕಪ್ ಆಗಿದ್ದವು ಮಾತ್ರ ಜೂನ್‌ನಲ್ಲಿದ್ದವು. ನೀವು ಎಷ್ಟೇ ದಿನ ಮುಚ್ಚಿ, ಫೋಟೋ ಬೇರೆ ದಿನದಲ್ಲಿ ಅಡಗಿದ್ದರೆ ಏನು ಪ್ರಯೋಜನ?

ಪತ್ತೆ ಹಚ್ಚೋದು ಸುಲಭ. ಒಂದೇ ದಿನದಲ್ಲಿ ಸಂಕ್ರಾಂತಿ, ಮಳೆಗಾಲ, ಮದುವೆ ಎಲ್ಲ ಒಟ್ಟಿಗೆ ಇದ್ದರೆ ಅದು ಸುರಿದ ದಿನ. ಲ್ಯಾಪ್‌ಟಾಪ್‌ನಲ್ಲಿ `photos.google.com` ತೆರೆದು, ಫೋಟೋವನ್ನು ದೊಡ್ಡದಾಗಿ ತೆರೆದು `i` ಒತ್ತಿ ಫೈಲಿನ ಹೆಸರು ನೋಡಿದೆ:

```
IMG-20180614-WA0007.jpg
```

ನಿಜವಾದ ದಿನ ಹೆಸರಲ್ಲೇ ಇದೆ ನೋಡಿ, ಅಥವಾ ಬಂದು ತಲುಪಿದ ದಿನ ಅನ್ನಿ. 2018, ಜೂನ್ 14. ಸುರಿದ ದಿನದಲ್ಲಿ, ಅಂದರೆ ಅಕ್ಟೋಬರ್ 14ರಲ್ಲಿ, ನೂರಾ ನಲವತ್ತು ಫೋಟೋ ಇದ್ದಿರಬೇಕು. ಆಸ್ಪತ್ರೆಯದ್ದು ಮೂವತ್ತರ ಆಸುಪಾಸು. ಅವಕ್ಕೆ ಟಿಕ್ ಹಾಕಿ, ಮೂರು ಚುಕ್ಕೆ ಒತ್ತಿ, Edit date & time ಅಂತ ಹೋದೆ. ಎಲ್ಲವನ್ನೂ 2018ರ ಜೂನ್ 20ಕ್ಕೆ ತಳ್ಳಿದೆ. ಮುಚ್ಚಿದ ಕೋಣೆಯ ನಟ್ಟನಡುವೆ. ಒಂದೊಂದಕ್ಕೂ ಸರಿ ದಿನ ಕೊಡೋ ಗೋಜಿಗೆ ಹೋಗಲಿಲ್ಲ. ಮಿಕ್ಕ ನೂರು ಚಿಲ್ಲರೆ ಫೋಟೋಗೆ ಹೆಸರಿನಿಂದ ದಿನಾಂಕ ಒಟ್ಟಿಗೇ ಹಾಕಲು ನನ್ನದೊಂದು ಉಪಾಯ ಇದೆ. ಅದು ನನ್ನ ಅನ್ನದ ದಾರಿ, ಇಲ್ಲಿ ಹೇಳೋದಿಲ್ಲ.

ಭಾವ ಇನ್ನೂ ನಂಬಲಿಲ್ಲ. ಹಾಗಾಗಿ ನನ್ನ ಅಕೌಂಟಿನಲ್ಲಿ ಒಂದು ಆಟ ಆಡಿದೆ. ಉಪ್ಪಿನಕಾಯಿ ಜಾಡಿಯ ಒಂದು ಫೋಟೋಗೆ ಹಿಂದಿನ ವರ್ಷದ ನಾಳೆಯ ದಿನ ಕೊಟ್ಟೆ. ಬೆಳಿಗ್ಗೆ ಏನೂ ಬರಲಿಲ್ಲ. ಇನ್ನೊಂದು ದಿನ ಹತ್ತು ಹನ್ನೆರಡು ಫೋಟೋಗೆ ಹಾಗೇ ಮಾಡಿದೆ, ಜಾಡಿ ಪ್ರತ್ಯಕ್ಷ. ಎಲ್ಲ ದಿನವೂ ನೆನಪಾಗೋದಿಲ್ಲ, ಸ್ವಲ್ಪ ರಾಶಿ ಇರಬೇಕು ಅಂತ ನನ್ನ ಅಂದಾಜು. ಅದಕ್ಕೇ ಒಂದು ವರ್ಷ ಬರಲಿಲ್ಲ ಅಂದ ಮಾತ್ರಕ್ಕೆ ಸರಿಯಾಯ್ತು ಅಂದುಕೊಳ್ಳಬೇಡಿ. ನಾನು ಎರಡು ಜೂನ್, ಎರಡು ಅಕ್ಟೋಬರ್ ಕಾದೆ.

ಫೇಸ್‌ಬುಕ್‌ನದ್ದು ಬೇರೆಯೇ ತಲೆನೋವು. 2015ರಲ್ಲಿ On This Day ಅಂತ ಶುರುವಾಗಿದ್ದು 2018ರಲ್ಲಿ Memories ಆಯ್ತು. ಅಲ್ಲೂ Hide People, Hide Dates ಇವೆ. ಆದರೆ ನಮ್ಮಲ್ಲಿ ಹಳೆಯ ಪೋಸ್ಟಿಗಿಂತ ಹೊಸದೇ ಕಾಟ. ಚಿಕ್ಕಪ್ಪ ಪ್ರತಿ ಜೂನ್ 28ಕ್ಕೆ ಅಣ್ಣನ ಶ್ರದ್ಧಾಂಜಲಿ ಪೋಸ್ಟನ್ನೇ ಮತ್ತೆ ಹಂಚಿ, ಅಮ್ಮನನ್ನು ಟ್ಯಾಗ್ ಮಾಡುತ್ತಿದ್ದರು. ಹಂಚಿದ್ದು ಆ ವರ್ಷದ ಹೊಸ ಪೋಸ್ಟು. ಮುಂದಿನ ವರ್ಷಕ್ಕೆ ಅದೂ ಒಂದು ನೆನಪು. 2018ರ ದಿನ ಮಾತ್ರ ಮುಚ್ಚಿದರೆ 2019, 2020 ಎಲ್ಲ ಸಾಲಾಗಿ ಬರುತ್ತವೆ. ಒಂದೊಂದು ವರ್ಷದ ಜೂನ್ 28ನ್ನೂ ಬೇರೆ ಬೇರೆಯಾಗಿ ಸೇರಿಸಿದೆ. ಅಮ್ಮನ ಟ್ಯಾಗುಗಳನ್ನು ತೆಗೆದೆ. ಯಾರಾದರೂ ಟ್ಯಾಗ್ ಮಾಡಿದರೆ ಮೊದಲು ನಮ್ಮನ್ನು ಕೇಳುವ ಹಾಗೆ ಸೆಟ್ಟಿಂಗ್ ಹಾಕಿದೆ. ಚಿಕ್ಕಪ್ಪನನ್ನು ಹೇಗೆ ಒಪ್ಪಿಸಿದೆ ಅನ್ನೋದು ನನ್ನಲ್ಲೇ ಇರಲಿ.

ಅಣ್ಣನ ಹುಟ್ಟುಹಬ್ಬಕ್ಕೆ ವಿಶ್ ಮಾಡಿ ಅನ್ನುವ ನೋಟಿಫಿಕೇಶನ್‌ಗೆ ಇದ್ಯಾವುದೂ ಮದ್ದಲ್ಲ. ಅದಕ್ಕೆ ಅವನ ಪ್ರೊಫೈಲನ್ನೇ ಸ್ಮರಣೆಯ ಪ್ರೊಫೈಲ್ ಮಾಡಿಸಬೇಕು. ಹಾಗೆ ಮಾಡಿದ ಪ್ರೊಫೈಲು ಹುಟ್ಟುಹಬ್ಬದ ಪಟ್ಟಿಯಲ್ಲಿ ಬರೋದಿಲ್ಲ. ತೀರಿಕೊಂಡ ದಾಖಲೆ ಕೊಡಬೇಕು, ಒಮ್ಮೆ ಮಾಡಿಸಿದರೆ ಆ ಖಾತೆಗೆ ಯಾರೂ ಲಾಗಿನ್ ಆಗೋ ಹಾಗಿಲ್ಲ. ಅತ್ತಿಗೆ ಆಗಾಗ ಅದರೊಳಗೆ ಹೋಗಿ ಹಳೆಯ ಮೆಸೇಜ್ ಓದುತ್ತಾರೆ. ಹಾಗಾಗಿ ಅದನ್ನು ಮುಟ್ಟಿಲ್ಲ. ಹುಟ್ಟುಹಬ್ಬದ ನೋಟಿಫಿಕೇಶನ್ ಒಂದನ್ನು ಅಮ್ಮನ ಕಡೆಯಿಂದ ಆಫ್ ಮಾಡಿದ್ದೇನೆ.

ಮೊನ್ನೆ ಅಮ್ಮ ತಾನೇ ಆಲ್ಬಮ್ ತೆರೆದು ಕೂತಿದ್ದಳು. ಶೃಂಗೇರಿಯಲ್ಲಿ ಅಣ್ಣ ಮೀನಿಗೆ ಪುರಿ ಹಾಕುತ್ತಿರುವ ಫೋಟೋ. “ಇದು ಯಾವ ವರ್ಷ ಕಣೋ?” ಅಂದಳು. ದಿನಾಂಕ ನೋಡಿದೆ. 2021, ಅಕ್ಟೋಬರ್ 14 ಅಂತಿತ್ತು. ಇದೊಂದು ನನ್ನ ಕಣ್ಣು ತಪ್ಪಿತ್ತು.